ಆ ಶೇಕಡಾ 40ರಲ್ಲಿ ನಿಮ್ಮದೆಷ್ಟು?

ಮಾರ್ಚ್ ತಿಂಗಳ ಮೂರನೇ ವಾರ ಬಂತೆಂದರೆ ಬೆಂಗಳೂರಿನ ಔಟರ್ ರಿಂಗ್ ರೋಡ್, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳಲ್ಲಿ ಹೆಚ್ಚುಕಮ್ಮಿ ಒಂದೇ ಬಗೆಯ ಪಿಪಿಟಿ ತಯಾರಾಗುತ್ತಿರುತ್ತದೆ. ಐದಾರು ಸ್ಲೈಡು, ಅಷ್ಟೆ. ಮೊದಲನೆಯದರಲ್ಲಿ ಹೆಸರು, ಎಂಪ್ಲಾಯಿ ಐಡಿ, ಹುದ್ದೆ. ಕೊನೆಯದರಲ್ಲಿ ಥ್ಯಾಂಕ್ ಯೂ. ನಡುವೆ ಹಸಿರು ಬಾಣಗಳು, ಬಾಣದ ಪಕ್ಕದಲ್ಲಿ ದಪ್ಪಕ್ಷರದ ಶೇಕಡಾವಾರು. ವರ್ಷವಿಡೀ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲು ನಾಚುವವರೂ ಆ ವಾರ ನಾಚಿಕೆ ಬಿಟ್ಟು ಕೂರುತ್ತಾರೆ. ಸೆಲ್ಫ್ ಅಪ್ರೈಸಲ್ ತುಂಬದಿದ್ದರೆ ಎಚ್‌ಆರ್‌ನಿಂದ ದಿನಕ್ಕೊಂದು ರಿಮೈಂಡರ್ ಮೇಲ್ ಬರುತ್ತದಲ್ಲ!

ಹಾಗೆ ತಯಾರಾದ ಒಂದು ಡೆಕ್ಕಿನ ಒಂದೇ ಸ್ಲೈಡಿನ ಕಥೆ ಇದು. ಪ್ರೊಡಕ್ಷನ್ ಸಪೋರ್ಟ್ ತಂಡದ ಲೀಡ್ ಒಬ್ಬರು, ನನ್ನ ಹಳೆಯ ಸಹೋದ್ಯೋಗಿ, ಮ್ಯಾನೇಜರಿಗೆ ಕಳಿಸುವ ಮೊದಲು ಒಮ್ಮೆ ಕಣ್ಣಾಡಿಸಿ ಎಂದು ತಂದಿದ್ದರು. ಅವರ ಹೆಸರು, ಕಂಪನಿ ಇಲ್ಲಿ ಬೇಡ. ಅಂಕಿಗಳನ್ನೂ ಲೆಕ್ಕ ಹಿಡಿಯಲು ಸುಲಭವಾಗಲೆಂದು ದುಂಡಗೆ ಮಾಡಿದ್ದೇನೆ. ಸ್ಲೈಡಿನ ತಲೆಬರಹ ಹೀಗಿತ್ತು: 'ಟಿಕೆಟ್ ಬಗೆಹರಿಸುವ ಸಮಯದಲ್ಲಿ 40% ಇಳಿಕೆ'.

ಟಿಕೆಟ್ ಅಂದರೆ ಗ್ರಾಹಕರ ದೂರು. 'ರಿಪೋರ್ಟ್ ತೆರೆಯುತ್ತಿಲ್ಲ', 'ಲಾಗಿನ್ ಆಗುತ್ತಿಲ್ಲ' ಎಂದು ಅವರು ಬರೆದು ಕಳಿಸಿದ ಕೂಡಲೇ ಅದಕ್ಕೊಂದು ನಂಬರು ಬೀಳುತ್ತದೆ, ಗಡಿಯಾರ ಓಡತೊಡಗುತ್ತದೆ. ಬಗೆಹರಿಯಿತು ಎಂದು ಗುರುತು ಹಾಕಿದಾಗ ನಿಲ್ಲುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಟಿಕೆಟ್ಟಿಗೆ ಸರಾಸರಿ 30 ಗಂಟೆ ಹಿಡಿಯುತ್ತಿತ್ತು, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅದು 18 ಗಂಟೆ. ಮೂವತ್ತರಲ್ಲಿ ಹನ್ನೆರಡು ಹೋದರೆ ಶೇಕಡಾ 40. ಲೆಕ್ಕದಲ್ಲಿ ತಪ್ಪಿಲ್ಲ. ಡ್ಯಾಶ್‌ಬೋರ್ಡಿನ ಸ್ಕ್ರೀನ್‌ಶಾಟ್ ಕೂಡ ಪಕ್ಕದಲ್ಲೇ ಇತ್ತು.

ನಾನು ಕೇಳಿದ್ದು ಒಂದೇ ಮಾತು: "ಅಕ್ಟೋಬರಿನಲ್ಲಿ ಟಿಕೆಟ್ಟುಗಳ ಸಂಖ್ಯೆ ಎಷ್ಟಿತ್ತು?"

"ಜಾಸ್ತಿಯಾಯ್ತು ಸರ್. ಮೊದಲು ತಿಂಗಳಿಗೆ 600 ಬರ್ತಿತ್ತು, ಆಮೇಲೆ 900. ಅದನ್ನೂ ಹಾಕಬೇಕಿತ್ತು ಅಲ್ವಾ? ಕೆಲಸ ಹೆಚ್ಚಾದ್ರೂ ಸಮಯ ಕಡಿಮೆಯಾಯ್ತು ಅಂತ?"

"ಆ 300 ಎಲ್ಲಿಂದ ಬಂತು?"

ಸ್ವಲ್ಪ ಯೋಚಿಸಿ ಅವರೇ ಹೇಳಿದರು. ಪಾಸ್‌ವರ್ಡ್ ಬದಲಿಸಿಕೊಡುವ ಕೆಲಸ ಅಲ್ಲಿಯತನಕ ಬೇರೊಂದು ಹೆಲ್ಪ್‌ಡೆಸ್ಕಿನಲ್ಲಿತ್ತು. ಅಕ್ಟೋಬರಿನಲ್ಲಿ ಅದು ಇವರ ತಂಡಕ್ಕೆ ಬಂತು. ಆ ಟಿಕೆಟ್ಟುಗಳು ಒಂದು ಗಂಟೆಯೊಳಗೆ ಮುಗಿದುಹೋಗುತ್ತವೆ.

ಇಲ್ಲಿಗೆ ಆ ಶೇಕಡಾ 40ರ ಬಣ್ಣ ಬಯಲಾಯಿತು. ದ್ವಿತೀಯಾರ್ಧದಲ್ಲಿ 900 ಟಿಕೆಟ್ಟಿಗೆ ಸರಾಸರಿ 18 ಗಂಟೆಯೆಂದರೆ ತಿಂಗಳಿಗೆ ಒಟ್ಟು 16,200 ಗಂಟೆ. ಅದರಲ್ಲಿ ಪಾಸ್‌ವರ್ಡಿನ 300 ಟಿಕೆಟ್ಟು, ತಲಾ ಒಂದು ಗಂಟೆಯಂತೆ, 300 ಗಂಟೆ. ಉಳಿದ 15,900 ಗಂಟೆಯನ್ನು ಹಳೆಯ ಬಗೆಯ 600 ಟಿಕೆಟ್ಟುಗಳಿಗೆ ಹಂಚಿದರೆ ತಲಾ 26.5 ಗಂಟೆ. ಮೂವತ್ತರಿಂದ ಇಪ್ಪತ್ತಾರೂವರೆಗೆ ಇಳಿದದ್ದು ಶೇಕಡಾ 12ಕ್ಕೂ ಕಡಿಮೆ. ಮಿಕ್ಕಿದ್ದೆಲ್ಲ ಸುಲಭದ ಕೆಲಸ ಬಂದು ಸೇರಿ ಸರಾಸರಿಯನ್ನು ಕೆಳಗೆ ಎಳೆದದ್ದು. ಗಟ್ಟಿ ಹಾಲಿಗೆ ನೀರು ಬೆರೆಸಿ ಲೀಟರು ಹೆಚ್ಚಿಸಿದ ಹಾಗೆ.

ಅವರ ಮುಖ ಸಪ್ಪಗಾಯಿತು. ಸಹಜವೇ. ಆದರೆ ಇದು ಆ ಟೇಬಲ್ಲಿನಲ್ಲೇ ಗೊತ್ತಾದದ್ದು ಒಳ್ಳೆಯದಾಯಿತು. ಏಕೆಂದರೆ ಈ ಡೆಕ್ಕು ಕೊನೆಗೆ ಹೋಗಿ ಬೀಳುವ ಜಾಗದಲ್ಲಿ ಅದನ್ನು ಬರೆದವರು ಇರುವುದಿಲ್ಲ.

ಹೆಚ್ಚಿನ ಐಟಿ ಕಂಪನಿಗಳಲ್ಲಿ ಕ್ರಮ ಹೀಗಿರುತ್ತದೆ. ಉದ್ಯೋಗಿ ಸೆಲ್ಫ್ ಅಪ್ರೈಸಲ್ ಕೊಡುತ್ತಾನೆ, ಮ್ಯಾನೇಜರ್ ಜೊತೆ ಒಂದು ಸುತ್ತು ಮಾತಾಗುತ್ತದೆ, ಮ್ಯಾನೇಜರ್ ಒಂದು ರೇಟಿಂಗ್ ಬರೆದುಕೊಳ್ಳುತ್ತಾರೆ. ಅದು ಅಂತಿಮವಲ್ಲ. ಆಮೇಲೆ ಕ್ಯಾಲಿಬ್ರೇಶನ್ ಎಂಬ ಮೀಟಿಂಗು. ಒಂದೇ ವಿಭಾಗದ ಹಲವು ಮ್ಯಾನೇಜರುಗಳು, ಅವರ ಮೇಲಿನವರು, ಎಚ್‌ಆರ್‌ನವರೊಬ್ಬರು ಒಂದೇ ಕೋಣೆಯಲ್ಲಿ ಕೂತು ಎಲ್ಲರ ಹೆಸರನ್ನೂ ಒಂದೇ ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಂಡು ಹೋಲಿಸುತ್ತಾರೆ. ಒಬ್ಬೊಬ್ಬರ ಹೆಸರಿಗೂ ಸಿಗುವುದು ಕೆಲವೇ ನಿಮಿಷ. ನಿಮ್ಮ ಪರವಾಗಿ ಅಲ್ಲಿ ಮಾತಾಡುವುದು ನಿಮ್ಮ ಮ್ಯಾನೇಜರ್ ಒಬ್ಬರೇ. ಪಕ್ಕದ ತಂಡದ ಮ್ಯಾನೇಜರಿಗೂ ತನ್ನವರಿಗೆ ಒಳ್ಳೆಯ ರೇಟಿಂಗ್ ಬೇಕಿರುತ್ತದೆ. "ಪಾಸ್‌ವರ್ಡ್ ಟಿಕೆಟ್ಟು ನಮ್ಮಿಂದ ನಿಮಗೆ ಬಂದಿದ್ದು ಅಕ್ಟೋಬರಿನಲ್ಲೇ ಅಲ್ವಾ?" ಎಂದು ಆತ ಒಂದು ಮಾತು ಎಸೆದರೆ ಸಾಕು, ಆ ಸ್ಲೈಡಷ್ಟೇ ಅಲ್ಲ, ಉಳಿದ ನಾಲ್ಕರ ಮೇಲಿನ ನಂಬಿಕೆಯೂ ಹೋಗುತ್ತದೆ.

ಈ ಹೋಲಿಕೆಯ ಆಟಕ್ಕೆ ದೊಡ್ಡ ಇತಿಹಾಸವಿದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ಸಿಬ್ಬಂದಿಯನ್ನು ಮೇಲಿನ 20, ನಡುವಿನ 70, ಕೆಳಗಿನ 10 ಎಂದು ಶೇಕಡಾವಾರು ಒಡೆದರು, ಕೆಳಗಿನವರು ಕೆಲಸ ಬಿಡಬೇಕು ಎಂದರು. ಮೈಕ್ರೋಸಾಫ್ಟ್ ಇಂಥದ್ದೇ ಕಡ್ಡಾಯ ಶ್ರೇಣಿಯನ್ನು 2013ರಲ್ಲಿ ಕೈಬಿಟ್ಟಿತು. ಬೆಲ್ ಕರ್ವ್ ತೆಗೆದೆವು ಎಂದು ಹೇಳುವ ಕಂಪನಿಗಳು ಈಗ ಬಹಳ ಇವೆ. ಆದರೆ ಇನ್‌ಕ್ರಿಮೆಂಟಿಗೆ ಇಟ್ಟ ಹಣ ಒಂದು ಮಿತಿಯಲ್ಲೇ ಇರುವಾಗ, ಹೆಸರು ಬದಲಾದರೂ ಹೋಲಿಕೆ ತಪ್ಪುವುದಿಲ್ಲ.

ಸರ್ಕಾರಿ ನೌಕರಿಯಲ್ಲೂ ಇದೇ ಪಾಡು. ಬಾರ್ಡರ್ ರೋಡ್ಸ್ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರಿಗೆ 1993-94ರ ಗೋಪ್ಯ ವರದಿಯಲ್ಲಿ 'ಗುಡ್' ಎಂದು ಬರೆದಿದ್ದರು. ಬೈಗುಳವೇನಲ್ಲ. ಆದರೆ ಬಡ್ತಿಗೆ 'ವೆರಿ ಗುಡ್' ಬೇಕಿತ್ತು, ಹಾಗಾಗಿ ಆ 'ಗುಡ್' ಎಂಬುದೇ ಅಡ್ಡಗಾಲಾಯಿತು. ಅದನ್ನು ಅವರಿಗೆ ಯಾರೂ ತಿಳಿಸಿಯೇ ಇರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರತಿಯೊಂದು ಷರಾವನ್ನೂ ನೌಕರರಿಗೆ ತಿಳಿಸಬೇಕು ಎಂದು ತೀರ್ಪು ಕೊಟ್ಟಿತು. ಖಾಸಗಿ ಕಂಪನಿಯಲ್ಲಿ ರೇಟಿಂಗ್ ತಿಳಿಸುತ್ತಾರೆ, ಆದರೆ ಆ ಕೋಣೆಯೊಳಗೆ ಆದ ಮಾತು ಕಿವಿಗೆ ಬೀಳುವುದಿಲ್ಲ.

ಮತ್ತೆ ನಮ್ಮ ಸ್ಲೈಡಿಗೆ ಬರೋಣ. ಶೇಕಡಾ 12 ಎಂದು ತಿದ್ದಿ ಬಿಡಬಹುದಿತ್ತು. ಪ್ರಾಮಾಣಿಕವೂ ಆಗುತ್ತಿತ್ತು. ಆದರೆ ಈ 12 ಕೂಡ ಇಡೀ ತಂಡದ್ದು, ಅದರಲ್ಲಿ ಇವರು ಮಾಡಿದ್ದೇನು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಅದಕ್ಕೆ, ಆ ಆರು ತಿಂಗಳಲ್ಲಿ ನೀವಾಗಿಯೇ ಬದಲಿಸಿದ ಒಂದು ವಿಷಯ ಹೇಳಿ ಅಂದೆ. ಆಗ ಹೊರಬಂದ ಸಂಗತಿಯನ್ನು ಅವರು ಡೆಕ್ಕಿನಲ್ಲಿ ಎಲ್ಲೂ ಬರೆದೇ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಅವರು ಮುಗಿದುಹೋದ ಹಳೆಯ ಟಿಕೆಟ್ಟುಗಳನ್ನು ಸುಮ್ಮನೆ ಓದುತ್ತಾ ಹೋಗಿದ್ದರಂತೆ. ಡೇಟಾಬೇಸಿಗೆ ಸಂಬಂಧಿಸಿದವು ತಿಂಗಳಿಗೆ ಸುಮಾರು 150. ಅವೇ ಎಲ್ಲಕ್ಕಿಂತ ತಡ, ಸರಾಸರಿ 48 ಗಂಟೆ. ಕಾಮೆಂಟುಗಳನ್ನು ಕೆಳಗಿನಿಂದ ಮೇಲೆ ಓದಿದಾಗ ಕಾರಣ ಕಂಡಿತು. ಗ್ರಾಹಕ 'ರಿಪೋರ್ಟ್ ತೆರೆಯುತ್ತಿಲ್ಲ' ಎಂದು ಬರೆಯುತ್ತಾನೆ. ಟಿಕೆಟ್ಟು ಮೊದಲು ಅಪ್ಲಿಕೇಶನ್ ತಂಡಕ್ಕೆ ಹೋಗುತ್ತದೆ. ಅವರು ಲಾಗ್ ನೋಡಿ, ಅರ್ಧ ದಿನ ಕಳೆದ ಮೇಲೆ, 'ನಮ್ಮ ಕಡೆ ಎಲ್ಲ ಸರಿಯಿದೆ' ಎಂದು ನೆಟ್‌ವರ್ಕ್ ತಂಡಕ್ಕೆ ತಳ್ಳುತ್ತಾರೆ. ಅಲ್ಲಿಂದ ಡೇಟಾಬೇಸಿಗೆ. ಕೆಲವೊಮ್ಮೆ ಅಲ್ಲಿಂದ ವಾಪಸ್. ಒಂದು ಟಿಕೆಟ್ಟು ಸರಾಸರಿ ಮೂರು ಸಲ ಕೈ ಬದಲಾಗುತ್ತಿತ್ತು. ರಿಪೇರಿಗೆ ಹಿಡಿಯುತ್ತಿದ್ದ ಹೊತ್ತಿಗಿಂತ ಸರದಿಯಲ್ಲಿ ಕಾಯುತ್ತಿದ್ದ ಹೊತ್ತೇ ಹೆಚ್ಚು.

ಅವರು ಒಂದು ಪುಟದ ಚೆಕ್‌ಲಿಸ್ಟ್ ಬರೆದರು. ಟಿಕೆಟ್ಟು ಕೈಗೆ ಬಂದಾಗ ಕೇಳಬೇಕಾದ ಮೂರೇ ಪ್ರಶ್ನೆ: ಎರರ್ ಸಂದೇಶದಲ್ಲಿ ಟೈಮ್‌ಔಟ್ ಎಂದಿದೆಯೇ, ಅದೇ ರಿಪೋರ್ಟನ್ನು ಒಂದು ವರ್ಷದ ಬದಲು ಒಂದು ವಾರಕ್ಕೆ ತೆರೆದರೆ ತೆರೆಯುತ್ತದೆಯೇ, ಒಬ್ಬರಿಗೆ ಮಾತ್ರ ಹೀಗೋ ಎಲ್ಲರಿಗೂ ಹೀಗೋ. ಉತ್ತರಗಳು ಹೌದು, ಹೌದು, ಎಲ್ಲರಿಗೂ ಎಂದಾದರೆ ನೇರ ಡೇಟಾಬೇಸ್ ತಂಡಕ್ಕೆ. ಅಕ್ಟೋಬರ್ ಮೊದಲ ವಾರ ಅದು ಜಾರಿಗೆ ಬಂತು.

ಈಗ ಡೇಟಾಬೇಸಿನ 150 ಟಿಕೆಟ್ಟುಗಳನ್ನೇ ಬೇರೆ ತೆಗೆದು ಲೆಕ್ಕ ಹಾಕಿದೆವು. 48 ಗಂಟೆ ಇದ್ದದ್ದು 34ಕ್ಕೆ ಇಳಿದಿತ್ತು. ಉಳಿದ 450ರ ಸರಾಸರಿ ಮೊದಲೂ 24 ಗಂಟೆ, ಆಮೇಲೂ 24 ಗಂಟೆ. ಅಂದರೆ ಆ ಶೇಕಡಾ 12ರ ಇಳಿಕೆ ಪೂರ್ತಿಯಾಗಿ ಇದೊಂದೇ ಜಾಗದಿಂದ ಬಂದಿತ್ತು. ಬೇಕಾದರೆ ತಾಳೆ ನೋಡಿ: 150 ಟಿಕೆಟ್ಟಿಗೆ ತಲಾ 14 ಗಂಟೆ ಉಳಿದರೆ 2,100 ಗಂಟೆ, ಅದನ್ನು 600ಕ್ಕೆ ಹಂಚಿದರೆ ಮೂರೂವರೆ. ಮೂವತ್ತಕ್ಕೂ ಇಪ್ಪತ್ತಾರೂವರೆಗೂ ಇರುವ ಅಂತರ ಸರಿಯಾಗಿ ಅಷ್ಟೇ. ದೊಡ್ಡ ಅಂಕಿ ಹೋಗಿ ಸಣ್ಣ ವ್ಯಾಪ್ತಿಯ ಅಂಕಿ ಬಂತು. ಆದರೆ ಈ ಅಂಕಿಗೆ ವಾರಸುದಾರರು ಇದ್ದಾರೆ. ಮುಟ್ಟದ 450 ಹಾಗೇ ಉಳಿದು, ಕೈಯಾಡಿಸಿದ 150 ಮಾತ್ರ ಬದಲಾದದ್ದು ಯಾವ ಹಸಿರು ಬಾಣಕ್ಕಿಂತಲೂ ದೊಡ್ಡ ಸಾಕ್ಷಿ.

ಆದರೂ ಆ ಕೋಣೆಯಲ್ಲಿ ಏಳಬಹುದಾದ ತಕರಾರುಗಳನ್ನು ನಾವೇ ಎತ್ತಿಕೊಂಡು ನೋಡುವುದು ಕ್ಷೇಮ. ಮೊದಲನೆಯದು ಕಾಲದ್ದು. ವಿದೇಶಿ ಗ್ರಾಹಕರಿರುವ ಕಂಪನಿಗಳಲ್ಲಿ ಡಿಸೆಂಬರ್ ಎಂದರೆ ಅರ್ಧ ರಜೆ. ಕ್ರಿಸ್‌ಮಸ್ ಹೊತ್ತಿಗೆ ಹೊಸ ಬದಲಾವಣೆ ಮಾಡಬೇಡಿ ಎಂದು ಕೋಡ್ ಫ್ರೀಜ್ ಇರುತ್ತದೆ, ತೊಂದರೆಗಳೂ ಕಡಿಮೆ. ಹಾಗಾಗಿ ವರ್ಷದ ಮೊದಲರ್ಧವನ್ನು ಎರಡನೆಯ ಅರ್ಧಕ್ಕೆ ಹೋಲಿಸಿದರೆ ಋತುವಿನ ಲಾಭವೂ ಅದರಲ್ಲಿ ಸೇರಿಬಿಡಬಹುದು. ಹಿಂದಿನ ವರ್ಷದ ಅಕ್ಟೋಬರ್–ಮಾರ್ಚ್ ತೆಗೆದು ನೋಡಿದೆವು: 47 ಗಂಟೆ. ಋತುವಿನ ಕೈವಾಡವಿಲ್ಲ.

ಎರಡನೆಯದು ಇನ್ನೊಂದು ತಂಡದ್ದು. ಜನವರಿಯಲ್ಲಿ ಡೇಟಾಬೇಸ್ ತಂಡದವರು ಹೊಸ ಸರ್ವರ್ ಹಾಕಿದ್ದರು. ಇಳಿಕೆ ಅದರಿಂದಲೇ ಎಂದು ಅವರ ಡೆಕ್ಕಿನಲ್ಲೂ ಬಂದಿರಬಹುದು, ಖಂಡಿತ ಬಂದಿರುತ್ತದೆ. ತ್ರೈಮಾಸಿಕ ಒಡೆದು ನೋಡಿದಾಗ ಅಕ್ಟೋಬರ್–ಡಿಸೆಂಬರಿನಲ್ಲಿ 36, ಜನವರಿ–ಮಾರ್ಚ್‌ನಲ್ಲಿ 32. ಸರ್ವರ್ ಬರುವ ಮೊದಲೇ 12 ಗಂಟೆ ಇಳಿದಾಗಿತ್ತು. ಆಮೇಲಿನ 4 ಗಂಟೆಯಲ್ಲಿ ಪಾಲು ಅವರದೂ ಇರಬಹುದು ಎಂದು ಸ್ಲೈಡಿನಲ್ಲೇ ಒಂದು ಸಾಲು ಬರೆದರು. ಇನ್ನೊಬ್ಬರ ಪಾಲನ್ನು ನೀವೇ ಬಿಟ್ಟುಕೊಟ್ಟಾಗ ಉಳಿದದ್ದನ್ನು ಕಿತ್ತುಕೊಳ್ಳಲು ಯಾರೂ ಬರುವುದಿಲ್ಲ, ಇದು ನಾನು ಆ ಕೋಣೆಗಳಲ್ಲಿ ಕೂತು ಕಂಡದ್ದು.

ಮೂರನೆಯದು ಗಡಿಯಾರದ್ದು, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಟಿಕೆಟ್ ವ್ಯವಸ್ಥೆಗಳಲ್ಲಿ ಎರಡು ಬಗೆಯ ಸಮಯವಿರುತ್ತದೆ. ಒಂದು, ದೂರು ಬಂದಾಗಿನಿಂದ ಮುಗಿಯುವವರೆಗೆ ರಾತ್ರಿ, ಭಾನುವಾರ ಎಲ್ಲ ಸೇರಿ. ಇನ್ನೊಂದು ಎಸ್‌ಎಲ್‌ಎ ಗಡಿಯಾರ. 'ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದೇವೆ' ಎಂಬ ಸ್ಥಿತಿಗೆ ಟಿಕೆಟ್ಟನ್ನು ತಳ್ಳಿದರೆ ಅದು ನಿಂತುಬಿಡುವಂತೆ ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಕೆಲಸಕ್ಕೆ ಬಾರದ ಒಂದು ಪ್ರಶ್ನೆ ಕೇಳಿ ಗಡಿಯಾರ ನಿಲ್ಲಿಸುವ ಜಾಣರು ಎಲ್ಲ ತಂಡದಲ್ಲೂ ಇರುತ್ತಾರೆ. ಇವರು ಮೊದಲ ಬಗೆಯದನ್ನೇ ಎರಡೂ ಅವಧಿಗೆ ಬಳಸಿದರು. ಜಿರಾದಲ್ಲಿ ಆ ಟಿಕೆಟ್ಟುಗಳನ್ನು ತೆಗೆದ ಹುಡುಕುಸಾಲನ್ನು ಡೆಕ್ಕಿನ ಕೊನೆಗೆ ಹಾಗೇ ಅಂಟಿಸಿದರು:

```
project = SUP AND component = Database
AND resolved >= "2024-10-01" AND resolved < "2025-04-01"
ORDER BY resolved ASC
```

ಸ್ಕ್ರೀನ್‌ಶಾಟಿಗಿಂತ ಇದು ಮೇಲು. ಚಿತ್ರವನ್ನು ನಂಬಬೇಕು, ಇದನ್ನು ಯಾರು ಬೇಕಾದರೂ ಓಡಿಸಿ ನೋಡಬಹುದು. ಚೆಕ್‌ಲಿಸ್ಟ್ ಇವರದೇ ಎಂಬುದಕ್ಕೆ ಆ ಪುಟದ ವರ್ಷನ್ ಹಿಸ್ಟರಿ ಇತ್ತು: ಬರೆದವರ ಹೆಸರು, ತಾರೀಕು ಎರಡೂ.

ಬೇಗ ಮುಗಿಸುವ ಭರದಲ್ಲಿ ಅರೆಬರೆ ಮುಗಿಸಿದರೋ ಎಂಬ ಅನುಮಾನಕ್ಕೆ ಮತ್ತೆ ತೆರೆದ ಟಿಕೆಟ್ಟುಗಳ ಲೆಕ್ಕ ಬೇಕಾಗುತ್ತದೆ. ಮೊದಲರ್ಧದ 900 ಡೇಟಾಬೇಸ್ ಟಿಕೆಟ್ಟುಗಳಲ್ಲಿ 72 ಮತ್ತೆ ತೆರೆದಿದ್ದವು, ಎರಡನೆಯ ಅರ್ಧದಲ್ಲಿ ಅಷ್ಟರಲ್ಲೇ 54. ಶೇಕಡಾ 8 ಇದ್ದದ್ದು 6 ಆಯಿತು. ಇದನ್ನು '25% ಇಳಿಕೆ' ಎಂದೂ ಬರೆಯಬಹುದು, ಸುಳ್ಳಲ್ಲ. ನಾನಾಗಿದ್ದರೆ 72 ಮತ್ತು 54 ಎಂದೇ ಬರೆಯುತ್ತೇನೆ. ಶೇಕಡಾವಾರಿನ ಶೇಕಡಾವಾರು ಓದುವವನು ಒಂದು ಕ್ಷಣ ತಡವರಿಸುತ್ತಾನೆ. ತಡವರಿಸಿದವನಿಗೆ ಮೊದಲು ಬರುವುದು ಅನುಮಾನ.

ಇಷ್ಟಾದ ಮೇಲೂ ಅವರಿಗೊಂದು ಆಸೆ ಉಳಿದಿತ್ತು. "ಸರ್, ತಿಂಗಳಿಗೆ 2,100 ಗಂಟೆ ಉಳಿತು ಅಂದ್ರೆ ಆರು ತಿಂಗಳಿಗೆ 12,600. ಗಂಟೆಗೆ 500 ರೂಪಾಯಿ ಅಂತ ಹಿಡಿದ್ರೂ 63 ಲಕ್ಷ. ಅದನ್ನ ಹಾಕಲಾ?"

ಈ ಆಸೆ ಅವರೊಬ್ಬರದಲ್ಲ. ಅಪ್ರೈಸಲ್ ಡೆಕ್ಕುಗಳಲ್ಲಿ ಅತಿ ಹೆಚ್ಚು ಕಾಣುವ ಹುಸಿ ಅಂಕಿ ಇದೇ. ಆ 2,100 ಗಂಟೆ ಟಿಕೆಟ್ಟು ಕಾದ ಹೊತ್ತು, ಗ್ರಾಹಕ ಕಾದ ಹೊತ್ತು. ಆ ಹೊತ್ತಿನಲ್ಲಿ ಎಂಜಿನಿಯರ್ ಬೇರೆ ಕೆಲಸ ಮಾಡುತ್ತಿದ್ದ, ರಾತ್ರಿಯಾದರೆ ಮನೆಯಲ್ಲಿ ಮಲಗಿದ್ದ. ಕಂಪನಿ ಅದಕ್ಕೆ ಸಂಬಳ ಕೊಟ್ಟಿರಲಿಲ್ಲ, ಹಾಗಾಗಿ ಉಳಿಯುವ ಪ್ರಶ್ನೆಯೂ ಇಲ್ಲ. ನಿಜಕ್ಕೂ ಉಳಿದ ದುಡಿಮೆ ಬೇರೆ ಕಡೆ ಇದೆ. ಮೂರು ಸಲ ಕೈ ಬದಲಾಗುತ್ತಿದ್ದ ಟಿಕೆಟ್ಟು ಈಗ ಎರಡು ಸಲ ಬದಲಾಗುತ್ತದೆ. ಒಂದೊಂದು ಬದಲಾವಣೆಗೂ ಹೊಸಬರು ಟಿಕೆಟ್ಟನ್ನು ಮೊದಲಿನಿಂದ ಓದಿ ಅರ್ಥಮಾಡಿಕೊಳ್ಳಲು ಸುಮಾರು 20 ನಿಮಿಷ. 150 ಟಿಕೆಟ್ಟಿಗೆ 50 ಗಂಟೆ, ಪ್ರತಿ ತಿಂಗಳೂ. ಆ 20 ನಿಮಿಷ ಅಂದಾಜು, ಅಂದಾಜು ಎಂದೇ ಬರೆಯಬೇಕು. 63 ಲಕ್ಷದ ಮುಂದೆ 50 ಗಂಟೆ ಸಪ್ಪೆ ಎನಿಸುತ್ತದೆ ನಿಜ. ಆದರೆ ಫೈನಾನ್ಸ್ ಗೊತ್ತಿರುವ ಒಬ್ಬರು ಆ ಕೋಣೆಯಲ್ಲಿದ್ದರೂ 63 ಲಕ್ಷಕ್ಕೆ ನಗುತ್ತಾರೆ.

ಚಿತ್ರದಲ್ಲೂ ಒಂದು ತಿದ್ದುಪಡಿ ಬೇಕಾಯಿತು. ಅವರ ಕಂಬದ ನಕ್ಷೆ ಸೊನ್ನೆಯಿಂದ ಶುರುವಾಗದೆ 30ರಿಂದ ಶುರುವಾಗಿತ್ತು. ಹಾಗೆ ಬರೆದರೆ 48ರ ಕಂಬ 18 ಎತ್ತರ, 34ರ ಕಂಬ 4 ಎತ್ತರ. ಮೂರನೇ ಒಂದು ಭಾಗದಷ್ಟೂ ಇಳಿಯದ್ದು ಕಣ್ಣಿಗೆ ಮುಕ್ಕಾಲು ಪಾಲು ಇಳಿದಂತೆ ಕಾಣುತ್ತದೆ. ಅವರು ಬೇಕೆಂದು ಮಾಡಿದ್ದಲ್ಲ. ನೋಡುವವರಿಗೆ ಅದು ಗೊತ್ತಾಗುವುದಿಲ್ಲವಲ್ಲ.

ಇನ್ನೊಂದು ಅಪಾಯ ಕೆಲಸ ಕಳೆಯುವಷ್ಟು ದೊಡ್ಡದು. ಗ್ರಾಹಕರ ಮೆಚ್ಚುಗೆಯ ಮೇಲನ್ನು ಸಾಕ್ಷಿಯಾಗಿ ಹಾಕುವಾಗ ಗ್ರಾಹಕ ಸಂಸ್ಥೆಯ ಹೆಸರು, ಖಾತೆಯ ವಿವರ ಮುಚ್ಚಲು ಜನ ಪವರ್‌ಪಾಯಿಂಟಿನಲ್ಲಿ ಕಪ್ಪು ಚೌಕವೊಂದನ್ನು ಮೇಲೆ ಇಡುತ್ತಾರೆ. ಫೈಲು ಸಿಕ್ಕವರು ಆ ಚೌಕವನ್ನು ಮೌಸಿನಲ್ಲಿ ಹಿಡಿದು ಪಕ್ಕಕ್ಕೆ ಎಳೆದರೆ ಆಯಿತು. ಕ್ರಾಪ್ ಮಾಡಿದ ಚಿತ್ರದ ಕತ್ತರಿಸಿದ ಭಾಗವೂ, ಅಳಿಸುವಂತೆ ಬೇರೆಯಾಗಿ ಹೇಳದಿದ್ದರೆ, ಫೈಲಿನೊಳಗೇ ಕೂತಿರುತ್ತದೆ. ಮುಚ್ಚುವುದನ್ನು ಚಿತ್ರದಲ್ಲೇ ಮುಚ್ಚಿ, ಆಮೇಲೆ ಸ್ಲೈಡಿಗೆ ಹಾಕಬೇಕು. ಡೆಕ್ಕನ್ನು ಮನೆಯಲ್ಲಿ ತಿದ್ದಲು ಸ್ವಂತ ಜಿಮೇಲಿಗೆ ಕಳಿಸಿಕೊಳ್ಳುವುದಂತೂ ಬೇಡವೇ ಬೇಡ.

ಸಾಧಿಸದ ಗುರಿಯ ಸ್ಲೈಡನ್ನು ಅವರು ಹಾಕಿರಲೇ ಇಲ್ಲ. ವರ್ಷದ ಮೊದಲು ಬರೆದ ಕೆಆರ್‌ಎಯಲ್ಲಿ ಇಬ್ಬರನ್ನು ರಾತ್ರಿ ಪಾಳಿಗೆ ತಯಾರು ಮಾಡಬೇಕೆಂದಿತ್ತು, ತಯಾರಾದದ್ದು ಒಬ್ಬರು. ಮ್ಯಾನೇಜರ್ ಬಳಿ ಅದೇ ಕೆಆರ್‌ಎ ಇರುತ್ತದೆ, ಮುಚ್ಚಿಡುವುದು ಯಾರಿಂದ? ಎರಡು ಸಾಲು ಸಾಕು: ಒಬ್ಬರು ತಯಾರಾದರು, ಇನ್ನೊಬ್ಬರು ನವೆಂಬರಿನಲ್ಲಿ ಬೇರೆ ಪ್ರಾಜೆಕ್ಟಿಗೆ ಹೋದರು, ಬದಲಿಗೆ ಬಂದವರಿಗೆ ಜೂನ್ ಹೊತ್ತಿಗೆ ಮುಗಿಯುತ್ತದೆ.

ಕೊನೆಗೆ ತಲೆಬರಹ. ಮ್ಯಾನೇಜರ್ ಆ ಕೋಣೆಯಲ್ಲಿ ಹಾಗೇ ಬಾಯಿಬಿಟ್ಟು ಹೇಳಬಹುದಾದ ಒಂದು ಪೂರ್ತಿ ವಾಕ್ಯ ಅದಾಗಬೇಕಿತ್ತು. ನಾಲ್ಕೈದು ಸಲ ಹೊಡೆದುಹಾಕಿ ಬರೆದ ಮೇಲೆ ನಿಂತದ್ದು ಇದು: 'ಡೇಟಾಬೇಸ್ ಟಿಕೆಟ್ಟುಗಳು ತಪ್ಪು ತಂಡಕ್ಕೆ ಹೋಗುವುದನ್ನು ತಡೆದು, ಅವು ಬಗೆಹರಿಯುವ ಸಮಯವನ್ನು 48ರಿಂದ 34 ಗಂಟೆಗೆ ಇಳಿಸಿದೆ'. ಅದರ ಕೆಳಗೆ ಸಣ್ಣಕ್ಷರದಲ್ಲಿ ಮೂರು ಸಾಲು: ಉಳಿದ 450 ಟಿಕೆಟ್ಟುಗಳಲ್ಲಿ ಬದಲಾವಣೆ ಇಲ್ಲ, ಜನವರಿಯ ನಂತರದ 4 ಗಂಟೆಯಲ್ಲಿ ಹೊಸ ಸರ್ವರಿನ ಪಾಲೂ ಇರಬಹುದು, ಮತ್ತೆ ತೆರೆದವು 72ರಿಂದ 54ಕ್ಕೆ ಇಳಿದಿವೆ. ಹಸಿರು ಬಾಣ ತೆಗೆದುಹಾಕಿದರು.

ಏಪ್ರಿಲ್ ಒಂದರಂದು ಅವರು ಮಾಡಿದ ಮೊದಲ ಕೆಲಸ ಈ ಸಲದ ಆರಂಭದ ಅಂಕಿಗಳನ್ನು ತೆಗೆದಿಟ್ಟದ್ದು. ಟಿಕೆಟ್ಟಿನ ವಿಭಾಗದ ಹೆಸರುಗಳನ್ನು ವರ್ಷದ ನಡುವೆ ಯಾರೋ ಬದಲಿಸುತ್ತಾರೆ, ಎರಡು ವಿಭಾಗ ಕೂಡಿ ಒಂದಾಗುತ್ತದೆ, ಆಮೇಲೆ ಹಿಂದಿನ ಅಂಕಿಯನ್ನು ಮತ್ತೆ ಹೊರಡಿಸಲು ಆಗುವುದಿಲ್ಲ. ಹುಡುಕುಸಾಲು, ಅಂದಿನ ಉತ್ತರ, ಯಾವ ಗಡಿಯಾರದಲ್ಲಿ ಅಳೆದದ್ದು, ಯಾವ ಬಗೆಯ ಟಿಕೆಟ್ಟು ಸೇರಿದೆ ಯಾವುದು ಸೇರಿಲ್ಲ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಮ್ಯಾನೇಜರಿಗೆ ಮೇಲ್ ಹಾಕಿದರು. ಪಾಸ್‌ವರ್ಡ್ ಟಿಕೆಟ್ಟುಗಳನ್ನು ಲೆಕ್ಕದಿಂದ ಹೊರಗಿಟ್ಟಿದ್ದೇನೆ ಎಂಬುದು ಅದರ ಮೊದಲ ಸಾಲು.